ಫೋಟೋದೊಳಗಿನ ರವಿಕೆ
ಮುಳಬಾಗಿಲಿನ ಅಮರನಾಥರು ಹಳೇ ಕಾಲದ ಕಥೆ ಹೇಳುವ ಧಾರಾವಾಹಿಗಳ ಚಿತ್ರಕಥೆ ತಿದ್ದುವವರು. ೧೯೩೦ರ ಹೊಲದಲ್ಲಿ, ಆ ಕಡೆಗೆ ಎಷ್ಟೋ ವರ್ಷ ಆಮೇಲೆ ಬಂದ ನೀಲಗಿರಿ ತೋಪು ಕಂಡರೆ ಕಡಿಸುತ್ತಾರೆ. ಶ್ರೀನಿವಾಸಪುರದ ರೈತ ಪುಸ್ತಕದ ಕನ್ನಡ ಆಡಿದರೆ ನಡುವೆ ತೆಲುಗು ಬೆರೆಸುತ್ತಾರೆ. ಸಾರಿಗೆ ಉಪ್ಪು ಸರಿಯಾಗಿದೆ ಎಂದ ಹೆಂಡತಿಯನ್ನೂ “ಆಧಾರ ಏನೈತೆ?” ಎಂದು ಕೇಳುವವರು. ಆಗಿನ ಕೂಲಿಯವರಿಗೆ ರವಿಕೆ ಎಲ್ಲಿತ್ತು ಎಂದು ಕೂಲಿ ಹೆಂಗಸಿನ ಪಾತ್ರಕ್ಕೆ ಬರೆದಿದ್ದ ರವಿಕೆಯನ್ನು ಹೊಡೆದುಹಾಕಿದಾಗ, ವಸ್ತ್ರವಿನ್ಯಾಸದ ಧನಶ್ರೀ ಅಮರನಾಥರದೇ ಮನೆಯ ಗೋಡೆಯ ಮೇಲಿದ್ದ ಫೋಟೋ ತೋರಿಸಿದಳು. “ನಿಮ್ಮಜ್ಜಿನೂ ಆಗ ಕೂಲಿಗೆ ಹೋಗ್ತಿದ್ರಲ್ವಾ ಸಾರ್? ಫೋಟೋದಲ್ಲಿ ರವಿಕೆ ಹಾಕವ್ರಲ್ಲಾ!” ಅಮರನಾಥರು ಫೋಟೋ ಇಳಿಸಿ ಒರೆಸಿದರು. “ಭುಜದತ್ರ ನೋಡಮ್ಮ, ಹೆಂಗೆ ಜಾರೈತೆ. ಅದು ಸ್ಟುಡಿಯೋದೋರ್ದು. ಫೋಟೋ ತೆಗೆದ್ಮೇಲೆ ಅಜ್ಜಿ ಬಿಚ್ಚಿ ಕೊಟ್ಟು ಬಂದ್ಲಂತೆ. ಅವಳೇ ಹೇಳಿದ್ದು.” ಚಿತ್ರಕಥೆಯಲ್ಲೂ ಆ ಕೂಲಿ ಹೆಂಗಸು ಫೋಟೋ ತೆಗೆಸಿಕೊಳ್ಳುವ ದೃಶ್ಯ ಒಂದಿತ್ತು. ಅಲ್ಲಿ ಮಾತ್ರ ರವಿಕೆ ಉಳಿಸಿ, ಪಕ್ಕದಲ್ಲಿ ಬರೆದರು: ‘ಎರವಲು. ಭುಜದಿಂದ ಜಾರಬೇಕು.’