ದಿನ ತಿಳಿಯದ ರಜೆ

ತಿರುಮಕೂಡಲು ನರಸೀಪುರದ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತ ಬೋಧಿಸುತ್ತಿದ್ದಾಗ, ಸಂತಾನಕ್ಕಾಗಿ ನಾನು ಮೈಸೂರಿನಲ್ಲಿ ಚಿಕಿತ್ಸೆ ಪಡೆಯತೊಡಗಿದೆ. ಅಂಡ ಎಷ್ಟು ಬೆಳೆದಿದೆಯೆಂದು ಸ್ಕ್ಯಾನ್ ಮಾಡಿದ ಮೇಲೆಯೇ ವೈದ್ಯರು ಮುಂದಿನ ಭೇಟಿಯ ದಿನವನ್ನು ಹೇಳುತ್ತಿದ್ದರು. ಅದು ನಾಳೆಯೂ ಆಗಬಹುದು, ಮೂರು ದಿನ ಬಿಟ್ಟೂ ಆಗಬಹುದು. ತಪ್ಪಿದರೆ ಆ ತಿಂಗಳ ಪ್ರಯತ್ನವೇ ವ್ಯರ್ಥ. ನಮ್ಮ ಶಾಲೆಯಲ್ಲಾದರೋ ರಜೆಯನ್ನು ಮೂರು ದಿನ ಮೊದಲೇ ಕೇಳಬೇಕಿತ್ತು.

ಚಿಕಿತ್ಸೆಯೊಂದು ನಡೆಯುತ್ತಿದೆ, ಹೋಗಬೇಕಾದ ದಿನ ಮೊದಲೇ ತಿಳಿಯದು ಎಂದಷ್ಟೇ ಮುಖ್ಯೋಪಾಧ್ಯಾಯರಿಗೆ ಹೇಳಿದೆ.

“ಏನ್ ಕಾಯಿಲೆ ಮೇಡಂ?”

“ಕಾಯಿಲೆ ಅಂತಲ್ಲ ಸಾರ್. ಅದೊಂದು ಕೇಳ್ಬೇಡಿ.”

ಅವರು ಸ್ವಲ್ಪ ಯೋಚಿಸಿದರು. “ಹಂಗಾದ್ರೆ ನಂಜನಗೂಡಿಗೆ ಹರಕೆ ಅಂತ ಬರ್ಕೊಡಿ. ದೇವ್ರ ಕೆಲ್ಸ ಅಂದ್ರೆ ಸ್ಕೂಲ್ ಕಮಿಟಿಯವ್ರೂ ಬಾಯಿ ಬಿಡಲ್ಲ.”

ಸಲಹೆ ಸದುದ್ದೇಶದ್ದೇ. ಆದರೆ ಪ್ರತಿ ಸೋಮವಾರ ಆ ನಂಜುಂಡೇಶ್ವರನ ಮುಂದೆಯೇ ನಿಂತು ಮಗುವನ್ನು ಬೇಡುತ್ತಿದ್ದವಳು ನಾನು.

“ಆ ಸುಳ್ಳು ಬರೆಯೋಕೆ ಕೈ ಬರಲ್ಲ ಸಾರ್. ಹಿಂದಿನ ಸಾಯಂಕಾಲ ನಿಮ್ಮನೆಗೆ ಫೋನ್ ಮಾಡ್ತೀನಿ. ತಪ್ಪಿದ ಪಾಠಾನ ಶನಿವಾರ ಮಧ್ಯಾಹ್ನ ಮಾಡ್ಕೊಡ್ತೀನಿ.”

“ಶನಿವಾರ ಮಧ್ಯಾಹ್ನ ನಿಮ್ ಶಬ್ದರೂಪ ಕೇಳೋಕೆ ಯಾವ ಮಕ್ಳು ನಿಲ್ತಾವೆ ಮೇಡಂ?” ಎಂದು ನಕ್ಕರು. ಕಾರಣದ ಜಾಗದಲ್ಲಿ ಚಿಕಿತ್ಸೆ ಎಂದಷ್ಟೇ ಬರೆಯಲು ಹೇಳಿದರು.

ಮುಂದಿನ ವಾರ ಒಂದು ಸಂಜೆ ಫೋನ್ ಮಾಡಿ, “ನಾಳೆ, ಸಾರ್” ಎಂದೆ. “ಹೋಗ್ಬನ್ನಿ” ಎಂದರು, ಬೇರೇನನ್ನೂ ಕೇಳಲಿಲ್ಲ.

ಮರಳಿ ಬಂದಾಗ, ಬದಲಿ ತರಗತಿಗಳ ಪುಸ್ತಕದಲ್ಲಿ ನನ್ನ ಮೂರು ಪಿರಿಯಡ್‌ಗಳ ಎದುರಿಗೂ ಅವರದೇ ಸಹಿ ಇತ್ತು. ಮೂರರಲ್ಲಿಯೂ ಗಣಿತವನ್ನೇ ಮಾಡಿದರೆಂದು ಮಕ್ಕಳು ದೂರಿದರು.