ಪುಂಡಲೀಕಪ್ಪನವರ ಭಾನುವಾರದ ಯುಗಾದಿ

ಹಮ್ಮಿಗಿಯ ಪುಂಡಲೀಕಪ್ಪನವರು ಅರವತ್ತು ವರ್ಷದಲ್ಲಿ ಸೂರ್ಯ ಹುಟ್ಟುವುದನ್ನು ನೋಡಿದ್ದು ಒಂದೇ ಸಲ, ಅದೂ ತಮ್ಮ ಮದುವೆಯ ಮುಹೂರ್ತ ನಸುಕಿಗಿತ್ತೆಂದು. ಒಂಬತ್ತಕ್ಕೆ ಮೊದಲು ಹಾಸಿಗೆ ಬಿಡದ ಈ ಮಹಾನುಭಾವರೇ ಊರಿಗೆಲ್ಲ ಹಬ್ಬದ ದಿನ ಹೇಳುವ ಪಂಡಿತರು.

ಈ ಸಲ ಯುಗಾದಿಯ ಪಾಡ್ಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ಮುಗಿಯುತ್ತಿತ್ತು. "ಐತವಾರ ದಿನಾ ಪೂರ್ತಿ ಪಾಡ್ಯೇ ಐತಿ. ಹಬ್ಬ ಅವತ್ತ" ಎಂದು ಕಟ್ಟೆಯ ಮೇಲೆ ಅಪ್ಪಣೆ ಕೊಡಿಸಿದರು.

ಪಂಚಾಂಗ ನೋಡುವ ಐನಾರು ನಕ್ಕರು. "ಎಷ್ಟು ತಾಸು ಅನ್ನೂದು ಲೆಕ್ಕಕ್ಕಿಲ್ರಿ. ಸೂರ್ಯ ಹುಟ್ಟೂ ಹೊತ್ತಿಗೆ ಪಾಡ್ಯ ಇರಬೇಕು. ಐತವಾರ ಆ ಹೊತ್ತಿಗೆ ಇನ್ನೂ ಅಮಾಸಿ. ಯುಗಾದಿ ಸೋಮವಾರ."

ಪಂಡಿತರು ಕೇಳಿಯಾರೇ? ಭಾನುವಾರ ಒಬ್ಬರೇ ಬೇವು ಅಗಿದರು. ಹೆಂಡತಿ ಮಾಳವ್ವ ಬೆಲ್ಲ ಕೊಡಲಿಲ್ಲ.

ಸೋಮವಾರ ಅವರು ಎದ್ದಾಗ ಒಂಬತ್ತೂವರೆ. ಮನೆ ತುಂಬ ಹೋಳಿಗೆಯ ಘಮ. "ಪಾಡ್ಯ ಮುಗದು ಒಂದೂವರಿ ತಾಸಾತು, ಇನ್ನೆಂಥಾ ಹಬ್ಬ?" ಎನ್ನುತ್ತಲೇ ತಾಟಿನ ಮುಂದೆ ಕುಳಿತರು.

"ಖರೆ ಐತ್ರಿ. ನಿಮ್ಮ ಯುಗಾದಿ ನಿನ್ನೆನ ಆತು" ಎಂದು ಮಾಳವ್ವ ತಾಟಿಗೆ ಒಣರೊಟ್ಟಿ ಹಾಕಿದಳು. "ಹೋಳಿಗಿ ಐನಾರ ಮಾತು ಕೇಳಿದೋರಿಗೆ."

ಪುಂಡಲೀಕಪ್ಪನವರು ರೊಟ್ಟಿಯನ್ನು ನೋಡಿದರು, ಹೋಳಿಗೆಯನ್ನು ನೋಡಿದರು. ಆಮೇಲೆ ಎದ್ದು ಅಂಗಳಕ್ಕೆ ಹೋಗಿ, ಹುಟ್ಟಿ ಮೂರು ತಾಸಾಗಿದ್ದ ಸೂರ್ಯನಿಗೆ ಭಕ್ತಿಯಿಂದ ಕೈ ಮುಗಿದರು.