ಮೊದಲೇ ಬಂದುಬಿಟ್ಟ ಇಪ್ಪತ್ತನಾಲ್ಕು

ನನ್ನ ತರಗತಿಯ ಹುಡುಗಿಯೊಬ್ಬಳು ತನ್ನ ಉತ್ತರ ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು ನಿಂತಳು. ಮಧ್ಯಾಹ್ನದ ಬಿಡುವು, ನಾನಿನ್ನೂ ಊಟದ ಡಬ್ಬಿ ಬಿಚ್ಚಿರಲಿಲ್ಲ. ನಾನು ಕೆಲಸ ಮಾಡುವುದು ಪಾಪಿರೆಡ್ಡಿಪಟ್ಟಿ ಹತ್ತಿರದ ಒಂದು ಕಾಲೇಜಿನಲ್ಲಿ, ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ. ಸೇಲಂನಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ಈ ಹುಡುಗಿ ಕಂಬೈನಲ್ಲೂರಿನ ಕಡೆಯವಳು. ತರಗತಿಯಲ್ಲಿ ಎಲ್ಲರಂತೆ ತಮಿಳಿನಲ್ಲೇ ಮಾತಾಡುವಳು. ನಮ್ಮ ಮನೆಯಲ್ಲೂ ಕನ್ನಡವೇ ಎಂದು ಗೊತ್ತಾದ ಮೇಲೆ, ಸುತ್ತ ಯಾರೂ ಇಲ್ಲದಾಗ ಮಾತ್ರ ನನ್ನೊಡನೆ ಕನ್ನಡಕ್ಕೆ ತಿರುಗುತ್ತಿದ್ದಳು.

"ಮಿಸ್, ಇದ್ರಲ್ಲಿ ತಪ್ಪು ಎಲ್ಲೈತೆ ಏಳಿ. ಹತ್ತಕ್ಕೆ ನಾಕು ಆಕವ್ರೆ" ಎಂದಳು.

ಪ್ರಶ್ನೆ ನನಗೆ ಗೊತ್ತಿದ್ದದ್ದೇ. ಒಂದು ಸಂಖ್ಯೆಯ ಫ್ಯಾಕ್ಟೋರಿಯಲ್, ಅಂದರೆ ಒಂದರಿಂದ ಆ ಸಂಖ್ಯೆಯವರೆಗಿನ ಎಲ್ಲದರ ಗುಣಲಬ್ಧ, ಕಂಡುಹಿಡಿಯಲು ತನ್ನನ್ನು ತಾನೇ ಕರೆದುಕೊಳ್ಳುವ ಒಂದು ಪುಟ್ಟ ಪೈಥಾನ್ ಫಂಕ್ಷನ್ ಕೊಟ್ಟಿದ್ದರು. ಬಂದ ಸಂಖ್ಯೆ ಸೊನ್ನೆಯಾದರೆ ಅದು ಒಂದನ್ನು ಹಿಂದಿರುಗಿಸುತ್ತದೆ. ಇಲ್ಲದಿದ್ದರೆ ಒಂದು ಕಡಿಮೆ ಮಾಡಿ ಮತ್ತೆ ತನ್ನನ್ನೇ ಕರೆದು, ಬಂದ ಉತ್ತರವನ್ನು ಆ ಸಂಖ್ಯೆಯಿಂದ ಗುಣಿಸಿ ಹಿಂದಿರುಗಿಸುತ್ತದೆ. ನಾಲ್ಕಕ್ಕೆ ಅದರ ಕರೆಗಳ ಮರ ಬರೆಯಬೇಕು, ಪ್ರತಿ ಕರೆ ಏನನ್ನು ಹಿಂದಿರುಗಿಸುತ್ತದೆ ಎಂದು ತೋರಿಸಬೇಕು, ಹಿಂದಿರುಗುವ ಕ್ರಮಕ್ಕೆ ಒಂದು, ಎರಡು ಎಂದು ಅಂಕಿ ಹಾಕಬೇಕು. ಮರಕ್ಕೆ ನಾಲ್ಕು ಅಂಕ, ಉಳಿದದ್ದಕ್ಕೆ ಆರು.

ಅವಳು ಮೇಲಿನಿಂದ ಕೆಳಕ್ಕೆ ನಾಲ್ಕು, ಮೂರು, ಎರಡು, ಒಂದು ಎಂದು ಚೌಕಗಳನ್ನು ಬರೆದಿದ್ದಳು. ಪಕ್ಕದಲ್ಲಿ ಮೇಲಕ್ಕೆ ಹೋಗುವ ಬಾಣಗಳು. ತೀರ ಕೆಳಗಿನ ಬಾಣಕ್ಕೆ ಮೊದಲನೇ ಅಂಕಿ, ಇಪ್ಪತ್ತನಾಲ್ಕನ್ನು ಹೊತ್ತ ಮೇಲಿನ ಬಾಣಕ್ಕೆ ಕೊನೆಯದು. ಆ ಅಂಕಿಗಳ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡ ಗೀಟು ಎಳೆದು 'ಕ್ರಮ ತಪ್ಪು' ಎಂದು ಬರೆದಿತ್ತು.

ಕ್ರಮ ತಪ್ಪಿರಲಿಲ್ಲ. ಕೆಳಗಿನದು ಮುಗಿಯದೆ ಮೇಲಿನದು ಮುಗಿಯುವ ಹಾಗೇ ಇಲ್ಲ. ತಪ್ಪು ಬೇರೆ ಕಡೆ ಇತ್ತು. ಸೊನ್ನೆಯ ಚೌಕವೇ ಇರಲಿಲ್ಲ. ಕರೆಗಳು ನಾಲ್ಕಲ್ಲ, ಐದು. ಅದನ್ನು ಗಮನಿಸದೆ ಮರಕ್ಕೆ ಪೂರ್ತಿ ನಾಲ್ಕು ಕೊಟ್ಟು, ಸರಿಯಾಗಿದ್ದ ಕ್ರಮಕ್ಕೆ ಸೊನ್ನೆ ಸುತ್ತಿದ್ದರು. ಕಳೆಯಬೇಕಾದಲ್ಲಿ ಕಳೆದಿಲ್ಲ, ಕೊಡಬೇಕಾದಲ್ಲಿ ಕೊಟ್ಟಿಲ್ಲ. ಪತ್ರಿಕೆ ಇಟ್ಟು ಹೋಗು, ನೋಡುತ್ತೇನೆ ಎಂದು ಅವಳನ್ನು ಕಳಿಸಿದೆ.

ಒಳಪರೀಕ್ಷೆಯಲ್ಲಿ ಒಬ್ಬರ ತರಗತಿಯ ಪತ್ರಿಕೆಗಳನ್ನು ಇನ್ನೊಬ್ಬರು ತಿದ್ದುವುದು ನಮ್ಮಲ್ಲಿ ರೂಢಿ. ನನ್ನ ತರಗತಿಯದನ್ನು ತಿದ್ದಿದ್ದವರು ವಿಭಾಗದ ಮುಖ್ಯಸ್ಥರೇ. ಮಾದರಿ ಉತ್ತರವೂ ಅವರದೇ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದವರು. ನಾನು ಹೊಸದಾಗಿ ಸೇರಿದಾಗ ಲ್ಯಾಬಿನಲ್ಲಿ ನನ್ನ ಪಕ್ಕ ನಿಂತು ಕೆಲಸ ಕಲಿಸಿದವರು. ಹಾಗಾಗಿ ಕೋಪವನ್ನು ನುಂಗಿಕೊಂಡೇ ಅವರ ಕೋಣೆಗೆ ಹೋದೆ.

ಅವರು ಮಾದರಿ ಉತ್ತರ ತೆಗೆದು ತೋರಿಸಿದರು. ಐದು ಚೌಕಗಳೂ ಇದ್ದವು. ಆದರೆ ಇಪ್ಪತ್ತನಾಲ್ಕರ ಪಕ್ಕ ಒಂದು, ಆರರ ಪಕ್ಕ ಎರಡು, ಹೀಗೇ ಕೆಳಗಿಳಿದು ಸೊನ್ನೆಯ ಪಕ್ಕ ಐದು. ಆಸ್ಪತ್ರೆಯಲ್ಲಿ ಮೊದಲು ಟೋಕನ್ ತೆಗೆದುಕೊಂಡವನು ತಾನೆ ಮೊದಲು ಹೊರಗೆ ಬರುವುದು ಎಂದು ತಮಿಳಿನಲ್ಲಿ ಕೇಳಿದರು. ಇದು ಟೋಕನ್ ಅಲ್ಲ ಸರ್ ಎಂದೆ. ನಾಲ್ಕರ ಕರೆ ಗುಣಾಕಾರ ಮಾಡಬೇಕಾದರೆ ಮೂರರ ಉತ್ತರ ಕೈಗೆ ಬರಬೇಕು, ಮೂರರದ್ದು ಎರಡರದ್ದಕ್ಕೆ ಕಾಯುತ್ತಿದೆ, ಕಾಯದೆ ಉತ್ತರ ಕೊಡಬಲ್ಲದ್ದು ಸೊನ್ನೆಯ ಕರೆಯೊಂದೇ ಎಂದು ವಿವರಿಸಿದೆ. ಅವರು ಮಧ್ಯೆ ಎರಡು ಸಲ ಫೋನ್ ನೋಡಿಕೊಂಡರು.

ಬಾಯಿಮಾತು ಸಾಕು ಎನಿಸಿ ಅವರನ್ನು ಲ್ಯಾಬಿಗೆ ಕರೆದೆ. ಬಂದರು. ಫಂಕ್ಷನ್ನಿನಲ್ಲಿ ಉತ್ತರವನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದು, ಹಿಂದಿರುಗಿಸುವ ಸಾಲಿನ ಮೇಲಿನ ಸಾಲಿನಲ್ಲೇ ಸಂಖ್ಯೆ ಮತ್ತು ಉತ್ತರ ಎರಡನ್ನೂ ಪ್ರಿಂಟ್ ಮಾಡುವಂತೆ ಬರೆದೆ. ಪರದೆಯ ಮೇಲೆ ಐದು ಸಾಲು ಬಂದವು. ಸೊನ್ನೆಗೆ ಒಂದು, ಒಂದಕ್ಕೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಆರು, ಕೊನೆಗೆ ನಾಲ್ಕಕ್ಕೆ ಇಪ್ಪತ್ತನಾಲ್ಕು. ಇನ್ನೇನು ಒಪ್ಪಿಕೊಳ್ಳುತ್ತಾರೆ ಎಂದುಕೊಂಡೆ.

ಅವರು ಪರದೆ ನೋಡಿ, ಇದು ಪ್ರಿಂಟ್ ಆದ ಕ್ರಮ, ಹಿಂದಿರುಗಿದ ಕ್ರಮ ಅಲ್ಲವಲ್ಲ ಎಂದರು.

ಪ್ರಿಂಟ್ ಆದ ಮರುಸಾಲಿನಲ್ಲೇ ಹಿಂದಿರುಗುತ್ತದೆ, ನಡುವೆ ಇನ್ನೊಂದು ಕರೆಗೆ ಜಾಗವೇ ಇಲ್ಲ ಎಂದು ಆದಷ್ಟು ಮೆಲ್ಲಗೆ ಹೇಳಿದೆ. ಈ ಸಲ ಅವರು ವಾದಿಸಲಿಲ್ಲ. ಅವರಿಗೆ ಅರ್ಥವಾಗಿತ್ತು, ಅದು ಮುಖದಲ್ಲೇ ಕಂಡಿತು. ಆದರೆ ಬಾಯಿಂದ ಬಂದದ್ದು ಬೇರೆ.

"ವಿಡುಂಗಮ್ಮಾ, ಮಾರ್ಕ್ ಎಲ್ಲಾ ಏತ್ತಿಯಾಚ್ಚು."

ಬಿಡಿಯಮ್ಮಾ, ಮಾರ್ಕೆಲ್ಲ ದಾಖಲಿಸಿ ಆಯಿತು ಎಂದು. ನಾನು ಬಿಡಲಿಲ್ಲ. ಕೊನೆಗೆ ಒಂದು ಷರತ್ತು ಹಾಕಿದರು. ಒಬ್ಬಳಿಗಾಗಿ ಬದಲಿಸಲು ಆಗದು, ಬೇಕಿದ್ದರೆ ಇಡೀ ತರಗತಿಯ ಪತ್ರಿಕೆಗಳನ್ನು ನೀವೇ ಹೊಸದಾಗಿ ತಿದ್ದಿ ಸೋಮವಾರ ಪಟ್ಟಿ ತನ್ನಿ, ಸಹಿ ಹಾಕುತ್ತೇನೆ ಎಂದು. ಅರವತ್ತರ ಹತ್ತಿರ ಪತ್ರಿಕೆಗಳು. ಬೇಡ ಎನ್ನುತ್ತೇನೆಂದೇ ಅವರು ಎಣಿಸಿದ್ದಿರಬೇಕು. ಕಟ್ಟನ್ನು ಬಟ್ಟೆಚೀಲದಲ್ಲಿ ತುಂಬಿಕೊಂಡು ಬಸ್ ಹತ್ತಿದೆ. ಸೀಟು ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ಮನೆಯ ಜಗುಲಿಯಲ್ಲಿ ಚಾಪೆ ಹಾಸಿ ಕೂತೆ. ಒಳಗೆ ಅಪ್ಪನ ಮಗ್ಗಕ್ಕೆ ಅಂದು ರಜೆ. ಇಷ್ಟೊಂದು ಕಾಗದ ಮನೆಗೆ ಯಾಕೆ ತಂದೆ, ಕಾಲೇಜಿನಲ್ಲಿ ಮೇಜಿಲ್ಲವಾ ಎಂದು ಅಮ್ಮ ಗೊಣಗಿ ಕಾಫಿ ಇಟ್ಟು ಹೋದಳು.

ಇಂಥ ಮರಗಳನ್ನು ತಿದ್ದುವುದು ಲೆಕ್ಕ ತಿದ್ದಿದ ಹಾಗಲ್ಲ. ಚೌಕಗಳು ಸರಿ, ಬಾಣಗಳು ಸರಿ, ಬೆಲೆಗಳು ಸರಿ ಇದ್ದರೂ ಬರೆದವರಿಗೆ ಏನು ಗೊತ್ತಾಗಿದೆ ಎಂದು ತಿಳಿಯುವುದಿಲ್ಲ. ಅದು ತಿಳಿಯುವುದು ಪಕ್ಕದ ಆ ಐದು ಚಿಕ್ಕ ಅಂಕಿಗಳಿಂದ ಮಾತ್ರ. ಹತ್ತು ಪತ್ರಿಕೆ ಮುಗಿಯುವಷ್ಟರಲ್ಲಿ ನನ್ನ ಹುರುಪು ಇಳಿದುಹೋಯಿತು. ಇಪ್ಪತ್ತನಾಲ್ಕಕ್ಕೆ ಒಂದು. ಮತ್ತೆ ಇಪ್ಪತ್ತನಾಲ್ಕಕ್ಕೆ ಒಂದು. ಚೆನ್ನಾಗಿ ಓದುವವರು, ಓದದವರು, ಹಿಂದಿನ ಬೆಂಚು, ಮುಂದಿನ ಬೆಂಚು, ಎಲ್ಲರದೂ ಅದೇ. ಕೆಳಗಿನಿಂದ ಅಂಕಿ ಹಾಕಿದವರು ಬೆರಳೆಣಿಕೆಯಷ್ಟು ಮಂದಿ.

ಮಧ್ಯಾಹ್ನದ ಹೊತ್ತಿಗೆ ಒಂದು ಸಂಶಯ ಬಂತು. ಮುಖ್ಯಸ್ಥರ ಮಾದರಿ ಉತ್ತರವನ್ನು ಮಕ್ಕಳು ಪರೀಕ್ಷೆಗೆ ಮುಂಚೆ ನೋಡಿರಲಿಲ್ಲ. ಅವರು ಈ ತರಗತಿಗೆ ಪಾಠವನ್ನೂ ಮಾಡಿರಲಿಲ್ಲ. ಪಾಠ ಮಾಡಿದ್ದು ನಾನು. ಹಾಗಾದರೆ ಇದು ಎಲ್ಲಿಂದ ಬಂತು?

ಆ ಹುಡುಗಿಗೆ ಫೋನ್ ಮಾಡಿ ನೋಟ್ಸಿನ ಆ ಪುಟದ ಫೋಟೋ ಕಳಿಸಲು ಹೇಳಿದೆ. ಬಂತು. ನಾನು ಬೋರ್ಡಿನ ಮೇಲೆ ಬರೆದ ಚಿತ್ರವೇ. ಕ್ರಮದ ಅಂಕಿಗಳಿರಲಿಲ್ಲ, ಆದರೆ ಬಾಣಗಳೂ ಬೆಲೆಗಳೂ ಎಲ್ಲ ಸರಿ. ಒಂದು ಕ್ಷಣ ಹಗುರವಾಯಿತು. ಮತ್ತೆ ಫೋನ್ ಮಾಡಿ, ಇದರಲ್ಲಿ ತಪ್ಪೇನೂ ಇಲ್ಲವಲ್ಲ, ಎಲ್ಲರೂ ಯಾಕೆ ಮೇಲಿಂದ ಅಂಕಿ ಹಾಕಿದ್ದಾರೆ ಎಂದು ಕೇಳಿದೆ.

ಅವಳು ಹೇಳಲೋ ಬೇಡವೋ ಎಂದು ತಡೆದಳು. "ನನ್ ಫ್ರೆಂಡ್ ಅಂದ್ಲು ಮಿಸ್. ಬೋರ್ಡ್ ಮ್ಯಾಲೆ ನೀವು ಮೊದ್ಲು ಇಪ್ಪತ್ನಾಕು ಬರದ್ರಂತೆ. ಆಮ್ಯಾಲೆ ಆರು, ಆಮ್ಯಾಲೆ ಎಲ್ಡು. ಅಂಗೇ ಕೆಳಕ್ಕೆ ಬಂದ್ರಂತೆ."

"ಮತ್ತೆ ನೀನು?"

"ನಾನಾವತ್ತು ಬಂದಿರ್ಲಿಲ್ಲ. ಅವ್ಳ ನೋಟ್ ನೋಡಿ ಬರ್ಕೊಂಡೆ. ಯಾವ್ದು ಮೊದ್ಲು ಅಂತ ಗೊತ್ತಾಗ್ಲಿಲ್ಲ, ಅದ್ಕೇ ನಾನೇ ಯೋಚ್ನೆ ಮಾಡ್ದೆ."

ಫೋನ್ ಇಟ್ಟ ಮೇಲೆ ಆ ದಿನ ಪೂರ್ತಿ ನೆನಪಾಯಿತು. ಕೊನೆಯ ಪಿರಿಯಡ್. ಬೆಲ್ ಹೊಡೆಯುವುದರಲ್ಲಿತ್ತು, ನನ್ನ ಕಣ್ಣು ಬಸ್ಸಿನ ಹೊತ್ತಿನ ಮೇಲಿತ್ತು. ಚೌಕಗಳನ್ನು ಇಳಿಸಿ, ಬಾಣಗಳನ್ನು ಎಳೆದು, ಉತ್ತರಗಳು ಬಾಯಿಪಾಠವಾಗಿದ್ದುದರಿಂದ ಮೇಲಿನಿಂದ ಕೆಳಕ್ಕೆ ಸರಸರನೆ ತುಂಬಿ ಕೈ ಒರೆಸಿಕೊಂಡೆ. ಬರೆದು ಮುಗಿದ ಮೇಲೆ ಚಿತ್ರ ಯಾವ ಕಡೆಯಿಂದ ತುಂಬಿದರೂ ಒಂದೇ ಥರ ಕಾಣುತ್ತದೆ. ಆದರೆ ಮಕ್ಕಳು ನೋಡಿದ್ದು ಮುಗಿದ ಚಿತ್ರವನ್ನಲ್ಲ, ನನ್ನ ಸೀಮೆಸುಣ್ಣ ಓಡಿದ ದಾರಿಯನ್ನು. ತರಗತಿಗೆ ಬಂದವರಲ್ಲಿ ಬಹುಪಾಲು ಮಂದಿ ತಪ್ಪು ಕಲಿತರು, ಬಾರದಿದ್ದವಳು ಸರಿಯಾಗಿ ಬರೆದಳು. ಎರಡು ದಿನದಿಂದ ಮುಖ್ಯಸ್ಥರನ್ನು ಮನಸ್ಸಿನಲ್ಲಿ ಬೈದುಕೊಳ್ಳುತ್ತಿದ್ದೆ. ಈಗ ಆ ಬೈಗುಳ ಎಲ್ಲಿಗೆ ಹೋಗಬೇಕು ಎಂದು ತಿಳಿಯದೆ ಹೊಟ್ಟೆಯಲ್ಲೇ ಉಳಿಯಿತು.

ಆದರೂ ಪಟ್ಟಿ ಮುಗಿಸಿದೆ. ಆ ಹುಡುಗಿಗೆ ಎಂಟು ಬಂತು. ಸೊನ್ನೆಯ ಚೌಕ ಬಿಟ್ಟದ್ದಕ್ಕೆ ಮರದಲ್ಲಿ ಒಂದು, ಅದರ ಹಿಂದಿರುಗುವಿಕೆ ಬಿಟ್ಟದ್ದಕ್ಕೆ ಒಂದು ಕಳೆದಿದ್ದೆ. ಇನ್ನೂ ಕೆಲವರು ಏರಿದರು. ಬಹುಪಾಲು ಮಂದಿ ಇಳಿದರು.

ಸೋಮವಾರ ಮುಖ್ಯಸ್ಥರು ಪಟ್ಟಿಯನ್ನು ಬೆರಳಿಟ್ಟು ಓದಿದರು. ತಪ್ಪು ನನ್ನ ಬೋರ್ಡಿನಿಂದ ಶುರುವಾಯಿತು ಎಂಬುದನ್ನೂ ಹೇಳಿದೆ. ಅವರು ನಗಲೂ ಇಲ್ಲ, ಗದರಲೂ ಇಲ್ಲ. ಇಳಿದವರ ಹೆಸರುಗಳನ್ನೆಲ್ಲ ಪೆನ್ನಿನಿಂದ ಹೊಡೆದುಹಾಕಿ, ಏರಿದವರಿಗೆ ಮಾತ್ರ ಸಹಿ ಹಾಕಿದರು. ಕೊಟ್ಟ ಮಾರ್ಕು ಕಿತ್ತುಕೊಂಡರೆ ಅಪ್ಪ ಅಮ್ಮ ಎಲ್ಲ ನನ್ನ ಕೋಣೆಗೆ ಬರುತ್ತಾರೆ, ನಿಮ್ಮ ಕೋಣೆಗಲ್ಲ ಎಂದರು. ತಪ್ಪು ಕಲಿಸಿದವಳು ನಾನು, ಮಕ್ಕಳ ಮಾರ್ಕು ಕಳೆಯಿರಿ ಎಂದು ಯಾವ ಬಾಯಲ್ಲಿ ಹೇಳಲಿ?

ಹುಡುಗಿಯನ್ನು ಕರೆದು ಎಂಟಾಗಿದೆ ಎಂದೆ. ಬಿಟ್ಟುಹೋದ ಚೌಕ ಎಲ್ಲಿ ಬರಬೇಕು ಎಂದು ತೋರಿಸಿದೆ. ಒಂದರ ಕರೆಯೂ ಸೊನ್ನೆಯನ್ನು ಕೇಳದೆ ಉತ್ತರ ಕೊಡಲಾರದು ಎಂದಾಗ ತಲೆಯಾಡಿಸಿ ತಾನೇ ಪೆನ್ನು ತೆಗೆದು ಐದನೇ ಚೌಕ ಬರೆದಳು. ಅಂಕಿಗಳನ್ನು ಒಂದೊಂದಾಗಿ ಬದಲಿಸಿದಳು. ಆಮೇಲೆ ಕೇಳಿದಳು.

"ಮ್ಯಾಲಿಂದ ಆಕ್ದೋರ್ಗೆ ಎಷ್ಟು ಮಿಸ್?"

"ಹತ್ತು."

ಅವಳು ಪತ್ರಿಕೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. "ಸರಿ ಮಿಸ್" ಎಂದು ತಮಿಳು ಧಾಟಿಯಲ್ಲಿ ಹೇಳಿ ಹೊರಟುಹೋದಳು. ಅವಳು ಅತ್ತಿದ್ದರೆ, ಜಗಳವಾಡಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮರುದಿನ ತರಗತಿಯಲ್ಲಿ ಬೇರೆ ಪಾಠವನ್ನು ಬದಿಗಿಟ್ಟು ಅದೇ ಮರ ಬರೆದೆ. ಹೋದ ಸಲ ನಾನು ಬರೆದ ರೀತಿ ತಪ್ಪು ಎಂದು ಮೊದಲೇ ಹೇಳಿದೆ. ಮೇಲಿನ ಬಾಣದ ಬಳಿ ಸೀಮೆಸುಣ್ಣ ಹಿಡಿದು, ಇಲ್ಲಿ ಈಗ ಏನಾದರೂ ಬರೆಯಬಹುದಾ ಎಂದು ಕೇಳಿದೆ. ಇಪ್ಪತ್ತನಾಲ್ಕು ಎಂದು ಹಲವು ಸ್ವರಗಳು ಬಂದವು. ಆ ಇಪ್ಪತ್ತನಾಲ್ಕು ನಿಮಗೆ ಗೊತ್ತು, ಈ ಚೌಕಕ್ಕೆ ಗೊತ್ತಾ ಎಂದೆ. ಒಂದೊಂದೇ ಚೌಕ ಇಳಿಯುತ್ತ ಅದೇ ಪ್ರಶ್ನೆ ಕೇಳಿದೆ. ಸೊನ್ನೆ ಬಂದ ಮೇಲೆಯೇ ಮೊದಲ ಬೆಲೆ ಬರೆದೆ, ಅದರ ಪಕ್ಕ ಒಂದು ಎಂದು ಅಂಕಿ ಹಾಕಿದೆ. ಅಲ್ಲಿಂದ ಮೇಲೇರುತ್ತ ಉಳಿದ ನಾಲ್ಕನ್ನೂ ತುಂಬಲು ಪೂರ್ತಿ ಪಿರಿಯಡ್ ಹಿಡಿಯಿತು. ಆ ಹುಡುಗಿ ಮೂರನೇ ಬೆಂಚಿನಲ್ಲಿ ಕೂತಿದ್ದಳು. ನೋಟ್ಸ್ ಬರೆದುಕೊಳ್ಳಲಿಲ್ಲ.

ಕೊನೆಗೆ ಹತ್ತಕ್ಕೆ ಹತ್ತು ಪಡೆದಿದ್ದ ಒಬ್ಬಳು ಎದ್ದು ನಿಂತಳು. ಹಾಗಾದರೆ ಸೆಮಿಸ್ಟರ್ ಪರೀಕ್ಷೆಯಲ್ಲಿ ಹೇಗೆ ಬರೆಯಬೇಕು ಮಿಸ್, ಮೇಲಿನಿಂದಲೋ ಕೆಳಗಿನಿಂದಲೋ ಎಂದು ಕೇಳಿದಳು. ಕೆಳಗಿನಿಂದ ಎಂದೆ. ಪತ್ರಿಕೆ ತಿದ್ದುವವರು ಯಾರು ಎಂದು ಮತ್ತೆ ಕೇಳಿದಳು. ಅದು ಬೇರೆ ಕಾಲೇಜಿಗೆ ಹೋಗುತ್ತದೆ, ಯಾರೆಂದು ನನಗೂ ಗೊತ್ತಿಲ್ಲ ಎಂದು ನಿಜ ಹೇಳಿದೆ. ಅವಳು ಕೂತು, ಪಕ್ಕದವಳ ಮುಖ ನೋಡಿದಳು. ಕೆಳಗಿನಿಂದಲೇ ಬರೆಯಿರಿ ಎಂದು ಇನ್ನೊಮ್ಮೆ, ಅಗತ್ಯಕ್ಕಿಂತ ಗಟ್ಟಿಯಾಗಿ ಹೇಳಿ, ಬೋರ್ಡ್ ಒರೆಸದೆ ಹೊರಗೆ ಬಂದೆ.